ಜ್ವರವೇ ಇಲ್ಲದ ಫ್ಲೂ: ಎಪ್ಪತ್ತಾರು ವರ್ಷದ ನಮ್ಮ ಅತ್ತೆಯವರನ್ನು ಈಗಲೇ ಕರೆದೊಯ್ಯಬೇಕೇ, ಬೆಳಗಿನವರೆಗೆ ಕಾಯಬಹುದೇ?

ಮಧುಗಿರಿ ಸೊಸೆ (ಭಾನುವಾರ, ಸಂಜೆ 6.50)

ಎಲ್ಲರಿಗೂ ನಮಸ್ಕಾರ. ನಾವು ಮಧುಗಿರಿಯಿಂದ ಹದಿನಾಲ್ಕು ಕಿಲೋಮೀಟರು ದೂರದ ಹಳ್ಳಿಯಲ್ಲಿದ್ದೇವೆ. ಗಣೇಶನ ಹಬ್ಬಕ್ಕೆ ಬೆಂಗಳೂರಿನಿಂದ ಬಂದಿದ್ದ ನಮ್ಮ ಮೈದುನನ ಮಗನಿಗೆ ಜ್ವರ ಮತ್ತು ಕೆಮ್ಮು ಇತ್ತು. ಅವನು ಎರಡು ದಿನ ಮಲಗಿ ಚೇತರಿಸಿಕೊಂಡು ಹಿಂದಿರುಗಿದ. ಗುರುವಾರ ನಮ್ಮ ಅತ್ತೆಯವರಿಗೆ ಸಣ್ಣದಾಗಿ ಕೆಮ್ಮು ಶುರುವಾಯಿತು. ಶುಕ್ರವಾರ ಊಟ ಬೇಡವೆಂದು ಮಲಗಿದರು. ಶನಿವಾರ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಕಾಲು ನಿಲ್ಲದೆ ಬಿದ್ದರು. ಪೆಟ್ಟಾಗಿಲ್ಲ. ಈ ದಿನ ಮಧ್ಯಾಹ್ನದಿಂದ ಮಂಕಾಗಿದ್ದಾರೆ. ನನ್ನನ್ನು ತಮ್ಮ ತಂಗಿಯೆಂದು ತಿಳಿದು ಮಾತನಾಡುತ್ತಾರೆ, ಒಮ್ಮೆ ತಿದ್ದಿದರೆ ಹೌದೆನ್ನುತ್ತಾರೆ.

ಜ್ವರ ನೋಡಿದರೆ 99.2 ಮಾತ್ರ. ಅದಕ್ಕಾಗಿಯೇ ಮನೆಯವರೆಲ್ಲ ಇದು ಬರಿಯ ನಿತ್ರಾಣ, ನಾಳೆ ಬೆಳಿಗ್ಗೆ ನೋಡೋಣ ಎನ್ನುತ್ತಿದ್ದಾರೆ. ಅತ್ತೆಯವರಿಗೆ ಬಿ.ಪಿ. ಇದೆ, ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಇರುವ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎರಡು ಹೊತ್ತು. ಊಟ ಬಿಟ್ಟಿದ್ದರೂ ಮಾತ್ರೆ ತಪ್ಪಿಸಬಾರದೆಂದು ನಾನೇ ಕೊಡುತ್ತಾ ಬಂದಿದ್ದೇನೆ. ಜ್ವರವೇ ಇಲ್ಲದಿರುವಾಗ ಇದು ಫ್ಲೂ ಆಗಿರಲು ಸಾಧ್ಯವೇ? ರಾತ್ರಿಯಲ್ಲಿ ವಾಹನ ಮಾಡಿಕೊಂಡು ಹೋಗುವಷ್ಟು ಅವಸರವಿದೆಯೇ?

ತೆಂಗಿನ ತೋಟ, ತಿಪಟೂರು (ಸಂಜೆ 7.05)

ಅಕ್ಕ, ಗಾಬರಿಯಾಗಬೇಡಿ. ನೀವು ಹೇಳಿದ ಲಕ್ಷಣಗಳೆಲ್ಲ ಮೈಯಲ್ಲಿ ನೀರು ಆರಿದ್ದರಿಂದ ಬಂದವು ಎಂದು ನನಗೆ ಅನಿಸುತ್ತದೆ. ನಮ್ಮ ತಾಯಿಯವರಿಗೂ ಹೀಗೇ ಆಗಿತ್ತು. ದಿನಕ್ಕೆ ನಾಲ್ಕು ಎಳನೀರು ಕುಡಿಸಿದೆವು, ಊರಿನ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿದೆವು, ಮರುದಿನವೇ ಎದ್ದು ಕುಳಿತರು. ವಯಸ್ಸಾದವರನ್ನು ರಾತ್ರಿ ಹೊತ್ತು ದೂರದ ಆಸ್ಪತ್ರೆಗೆ ಅಲೆದಾಡಿಸಿದರೆ ಅದೇ ಒಂದು ಆಯಾಸ.

ನಿವೃತ್ತ ಶುಶ್ರೂಷಕಿ, ಕೋಲಾರ (ಸಂಜೆ 7.20)

ತಾಯಿ, ನೀವು ಬರೆದಿರುವುದರಲ್ಲಿ ನನ್ನನ್ನು ಹೆದರಿಸಿದ್ದು ಜ್ವರದ ಅಂಕಿಯಲ್ಲ, ನಿಮ್ಮನ್ನು ಅವರು ಗುರುತಿಸದೆ ಹೋದದ್ದು. ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಎಪ್ಪತ್ತು ದಾಟಿದವರಿಗೆ ಫ್ಲೂ ಬಂದಾಗ ಹಲವರು ಮೈ ಸುಡುತ್ತಾ ಬರುವುದಿಲ್ಲ. ಊಟ ಬಿಟ್ಟರು, ಬಿದ್ದರು, ಮಾತು ಎಲ್ಲಿಂದೆಲ್ಲಿಗೋ ಹೋಗುತ್ತಿದೆ ಎಂದು ಮನೆಯವರು ಕರೆತರುತ್ತಾರೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟ ಮೇಲೆ ನ್ಯುಮೋನಿಯಾ ಎಂದು ಗೊತ್ತಾಗುತ್ತದೆ.

ದಯವಿಟ್ಟು ಈಗಲೇ ಒಂದು ಕೆಲಸ ಮಾಡಿ. ಅವರು ಸುಮ್ಮನೆ ಮಲಗಿರುವಾಗ, ಎಣಿಸುತ್ತಿದ್ದೀರೆಂದು ಅವರಿಗೆ ತಿಳಿಯದಂತೆ, ಹೊಟ್ಟೆಯ ಮೇಲೆ ಹಗುರವಾಗಿ ಕೈಯಿಟ್ಟು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ವಯಸ್ಸಾದವರ ಉಸಿರು ಒಂದೇ ಸಮನಾಗಿರುವುದಿಲ್ಲ. ಮಾತನಾಡಿಸಿದ ಕೂಡಲೇ ಅಥವಾ ಬಚ್ಚಲಿಂದ ಬಂದ ಕೂಡಲೇ ಎಣಿಸಿದರೆ ಲೆಕ್ಕ ಹೆಚ್ಚು ಬರುತ್ತದೆ. ಮಲಗಿರುವಾಗಲೇ ಇಪ್ಪತ್ತೈದರ ಮೇಲೆ ಬಂದರೆ ಬೆಳಗಿನವರೆಗೆ ಕಾಯುವ ಮಾತೇ ಇಲ್ಲ. ಆಕ್ಸಿಮೀಟರ್ ಯಾರಾದರೂ ಕೊಟ್ಟರೆ ಅದನ್ನೂ ಹಾಕಿ. ಬೆರಳು ತಣ್ಣಗಿದ್ದರೆ ಅಂಗೈಯಿಂದ ಉಜ್ಜಿ ಬಿಸಿ ಮಾಡಿ, ಹಬ್ಬಕ್ಕೆ ಗೋರಂಟಿ ಹಚ್ಚಿದ ಬೆರಳನ್ನು ಬಿಟ್ಟು ಬೇರೆ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷವಾದರೂ ಬಿಡಿ.

ಇನ್ನೊಂದು ಪ್ರಶ್ನೆ. ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದಾರೆ?

ಚಿಂತಾಮಣಿ ವಾಸಿ (ಸಂಜೆ 7.31)

ಲಸಿಕೆಯ ವಿಷಯ ಬಂದಿದೆಯಾದ್ದರಿಂದ ಹೇಳುತ್ತೇನೆ. ನಮ್ಮ ದೊಡ್ಡಮ್ಮನವರು ಕಳೆದ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೂ ಅವರಿಗೆ ಜ್ವರ ಬಂತು. ಹಾಗಾಗಿ ಅದನ್ನು ಹಾಕಿಸುವುದು ಬೇಡವೆಂದು ನಾವು ತೀರ್ಮಾನಿಸಿದ್ದೇವೆ.

ನಿವೃತ್ತ ಶುಶ್ರೂಷಕಿ, ಕೋಲಾರ (ಸಂಜೆ 7.36)

ಅಣ್ಣಾ, ಇಲ್ಲಿ ಯಾರೂ ಲಸಿಕೆಯ ಬಗ್ಗೆ ಕೇಳಿಲ್ಲ. ಅದನ್ನು ನಾಳೆ ಮಾತನಾಡೋಣ. ಈಗ ಆ ತಾಯಿಗೆ ದಾರಿ ಬಿಡಿ.

ಮಧುಗಿರಿ ಸೊಸೆ (ಸಂಜೆ 7.44)

ಉಸಿರು ಎಣಿಸಿದೆ. 28 ಬಂತು. ನಂಬಿಕೆಯಾಗದೆ ನಮ್ಮ ಯಜಮಾನರಿಂದ ಮತ್ತೊಮ್ಮೆ ಎಣಿಸಿದೆವು, 29. ಆಶಾ ಕಾರ್ಯಕರ್ತೆಯವರ ಮನೆಯಿಂದ ಆಕ್ಸಿಮೀಟರ್ ತಂದೆವು, 91 ತೋರಿಸುತ್ತಿದೆ. ಬೆಳಿಗ್ಗೆ ಆರಕ್ಕೆ ಒಂದು ಸಲ ಮೂತ್ರಕ್ಕೆ ಹೋದದ್ದು ಬಿಟ್ಟರೆ ಮತ್ತೆ ಹೋಗಿಲ್ಲ. ಅದು ಕಡು ಹಳದಿಯಾಗಿತ್ತು. ನಾಲಿಗೆ ಒಣಗಿ ಗೀರು ಗೀರಾಗಿದೆ. ಬಾಯಾರಿಕೆ ಇದೆಯೇ ಎಂದು ಕೇಳಿದರೆ ಇಲ್ಲವೆನ್ನುತ್ತಾರೆ. ಸ್ವಲ್ಪ ರಾಗಿ ಗಂಜಿಯನ್ನಾದರೂ ಕುಡಿಸಿ ಹೊರಡಲೇ?

ವೈದ್ಯ, ತುಮಕೂರು (ಸಂಜೆ 7.49)

ಗಂಜಿ ಬೇಡ, ನೀರೂ ಬೇಡ. ಮಂಕಾಗಿರುವವರ ಬಾಯಿಗೆ ಏನನ್ನು ಹಾಕಿದರೂ ಅದು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯಬಹುದು. 108ಕ್ಕೆ ಕರೆ ಮಾಡಿ, ಎಪ್ಪತ್ತಾರು ವರ್ಷ, ಉಸಿರಾಟ 28, ಆಮ್ಲಜನಕ 91, ಗೊಂದಲದಲ್ಲಿದ್ದಾರೆ ಎಂಬ ನಾಲ್ಕೇ ಮಾತು ಹೇಳಿ. ತಲೆಯ ಭಾಗವನ್ನು ಎತ್ತರಿಸಿ, ದಿಂಬಿಗೆ ಒರಗಿಸಿ ಕೂರಿಸಿ. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿ. ಹಿಂದೆ ಮಾಡಿಸಿದ ರಕ್ತ ಪರೀಕ್ಷೆಯ ಚೀಟಿ ಇದ್ದರೆ ಅದನ್ನೂ ತನ್ನಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಅದರ ಕ್ರಿಯಾಟಿನಿನ್ ಅಂಕಿ ನಮಗೆ ಬಹಳ ಬೇಕಾಗುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ನೇರವಾಗಿ ತುಮಕೂರಿಗೆ ಬರುತ್ತೇವೆಂದು ಆಮ್ಲಜನಕವಿಲ್ಲದ ಕಾರಿನಲ್ಲಿ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಬೇಡಿ. ಇಂದು ರಾತ್ರಿಯ ಮಾತ್ರೆ ಕೊಡಬೇಡಿ.

ಹೊರಡಿ, ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಗೌರಿಬಿದನೂರು ಮೇಷ್ಟ್ರು (ರಾತ್ರಿ 8.10)

ಆ ತಾಯಿ ಸುರಕ್ಷಿತವಾಗಿ ತಲುಪಲಿ. ಈ ಸಂದರ್ಭದಲ್ಲಿ ನಮ್ಮ ತಂದೆಯವರ ವಿಷಯ ಹೇಳಿಕೊಳ್ಳಬೇಕೆನಿಸುತ್ತಿದೆ. ಅವರಿಗೆ ಜ್ವರ ಚೆನ್ನಾಗಿಯೇ ಬಂದಿತ್ತು, 102ರವರೆಗೆ. ಮೂರು ದಿನ ಪ್ಯಾರಸಿಟಮಾಲ್ ಕೊಟ್ಟೆವು. ನಾಲ್ಕನೆಯ ದಿನ ಜ್ವರ ಬಿಟ್ಟಿತು, ಮುದ್ದೆ ಉಂಡರು, ಜಗುಲಿಗೆ ಬಂದು ಪತ್ರಿಕೆ ಓದಿದರು. ನಾವು ನಿಶ್ಚಿಂತರಾದೆವು. ಏಳನೆಯ ದಿನ ಮತ್ತೆ ಚಳಿ ಹಿಡಿದು ಜ್ವರ ಬಂತು, ಕಫ ತುಕ್ಕಿನ ಬಣ್ಣಕ್ಕೆ ತಿರುಗಿತು, ಬಲಗಡೆ ಪಕ್ಕೆ ಹಿಡಿದುಕೊಂಡು ಉಸಿರೆಳೆಯುತ್ತಿದ್ದರು. ಮೊದಲ ಜ್ವರದ ಉಳಿಕೆ ಇರಬೇಕೆಂದುಕೊಂಡು ಅದೇ ಮಾತ್ರೆಯನ್ನು ಇನ್ನೂ ಎರಡು ದಿನ ಕೊಟ್ಟೆವು. ಆ ಎರಡು ದಿನಗಳನ್ನು ನಾನು ಇಂದಿಗೂ ಮರೆತಿಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ಮನೆಗೆ ಬಂದರು, ಆದರೆ ಮೊದಲಿನಂತೆ ಹೊಲದವರೆಗೆ ನಡೆಯಲು ಮತ್ತೆ ಆಗಲಿಲ್ಲ.

ವೈದ್ಯರೇ, ಒಮ್ಮೆ ಬಿಟ್ಟ ಜ್ವರ ಮತ್ತೆ ಬರುವುದು ಅದೇ ಕಾಯಿಲೆಯೋ, ಬೇರೆಯದೋ?

ವೈದ್ಯ, ತುಮಕೂರು (ರಾತ್ರಿ 9.15)

ಮೇಷ್ಟ್ರೇ, ನಿಮ್ಮ ತಂದೆಯವರದ್ದು ಬಹುಮಟ್ಟಿಗೆ ಎರಡನೆಯ ಕಾಯಿಲೆಯೇ. ಫ್ಲೂ ವೈರಸ್ ಶ್ವಾಸನಾಳದ ಒಳಗೋಡೆಯನ್ನು ಸುಟ್ಟು ಹಾಕುತ್ತದೆ. ಧೂಳು ಮತ್ತು ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಕೆಲವು ದಿನ ಕೆಲಸ ಮಾಡುವುದಿಲ್ಲ. ಆಗ ನಮ್ಮ ಗಂಟಲಿನಲ್ಲಿ ಸುಮ್ಮನಿದ್ದ ನ್ಯುಮೋಕಾಕಸ್, ಸ್ಟಫೈಲೋಕಾಕಸ್‌ನಂತಹ ಬ್ಯಾಕ್ಟೀರಿಯಾ ಕೆಳಗಿಳಿದು ಶ್ವಾಸಕೋಶದಲ್ಲಿ ನೆಲೆಯೂರುತ್ತವೆ. ಅದಕ್ಕೆ ನಾಲ್ಕೈದು ದಿನ ಹಿಡಿಯುವುದರಿಂದಲೇ ನಡುವೆ ಗುಣವಾದಂತೆ ಕಾಣುವ ಬಿಡುವು ಸಿಗುತ್ತದೆ. ಗುಣವಾಗುತ್ತಾ ಬಂದವರು ಮತ್ತೆ ಕೆಟ್ಟರೆ ಅದನ್ನು ಹಳೆಯ ಜ್ವರವೆಂದು ಭಾವಿಸದೆ ಅದೇ ದಿನ ಎದೆಯ ಎಕ್ಸ್‌ರೇ ಮಾಡಿಸಬೇಕು. ವೈರಸ್ಸಿಗೆ ಕೆಲಸ ಮಾಡದ ಆಂಟಿಬಯಾಟಿಕ್ ಇಲ್ಲಿ ಜೀವ ಉಳಿಸುತ್ತದೆ. ಮೊದಲ ದಿನವೇ ಮುಂಜಾಗ್ರತೆಗೆಂದು ಅಜಿತ್ರೋಮೈಸಿನ್ ನುಂಗಿಸಿದರೆ ಈ ಎರಡನೆಯ ಸೋಂಕು ಬಾರದಂತೆ ತಡೆದಂತಾಗುವುದಿಲ್ಲ ಎಂಬುದನ್ನೂ ಹೇಳಲೇಬೇಕು.

ಜ್ವರದ ಅಂಕಿಯ ಬಗ್ಗೆ ಎಲ್ಲರೂ ಒಂದು ವಿಷಯ ಗಮನಿಸಬೇಕು. ವಯಸ್ಸಾದ ಅನೇಕರ ಮೈ ಬಿಸಿ ಸಾಮಾನ್ಯ ದಿನಗಳಲ್ಲೇ 97ರ ಆಸುಪಾಸಿನಲ್ಲಿರುತ್ತದೆ. ಅವರಿಗೆ 99.2 ಎಂದರೆ ತಮ್ಮ ಮಟ್ಟಕ್ಕಿಂತ ಎರಡು ಡಿಗ್ರಿ ಏರಿದಂತೆ. ನಮ್ಮ ಲೆಕ್ಕದಲ್ಲಿ ಅದು ಜ್ವರವೇ. ಹಾಗಾಗಿ ಮನೆಯ ಹಿರಿಯರು ಆರೋಗ್ಯವಾಗಿರುವಾಗಲೇ ಒಮ್ಮೆ ಅವರ ಮೈ ಬಿಸಿ, ಉಸಿರಿನ ಎಣಿಕೆ ಮತ್ತು ಬಿ.ಪಿ.ಯನ್ನು ಬರೆದಿಟ್ಟುಕೊಂಡರೆ ಕಾಯಿಲೆಯ ದಿನ ಹೋಲಿಸಲು ಆಧಾರ ಸಿಗುತ್ತದೆ.

ತಿಪಟೂರಿನ ಸಹೋದರರೇ, ನೀರು ಆರಿದೆ ಎಂಬ ನಿಮ್ಮ ಊಹೆ ಸರಿಯಾಗಿಯೇ ಇದೆ. ಆದರೆ ಅದಕ್ಕೆ ನೀವು ಸೂಚಿಸಿದ ಎರಡೂ ದಾರಿಗಳು ಈ ತಾಯಿಯವರಿಗೆ ಸಲ್ಲವು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ, ಸೋಡಿಯಂ ಬಹಳ ಕಡಿಮೆ. ಟೆಲ್ಮಿಸಾರ್ಟನ್ ಮಾತ್ರೆ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತದೆ. ನೀರು ಆರಿ ಮೂತ್ರಪಿಂಡ ಸೊರಗಿದಾಗ ಅದು ಹೊರಹೋಗುವ ದಾರಿಯೂ ಕಟ್ಟುತ್ತದೆ. ಆ ಮೇಲೆ ನಾಲ್ಕು ಎಳನೀರು ಕುಡಿಸಿದರೆ ಹೃದಯದ ಬಡಿತವೇ ಏರುಪೇರಾಗಬಹುದು. ಇನ್ನು ಗ್ಲೂಕೋಸ್ ಬಾಟಲಿಯೆಂದರೆ ಸಕ್ಕರೆ ಬೆರೆಸಿದ ನೀರು, ಅದರಲ್ಲಿ ಉಪ್ಪಿಲ್ಲ. ಮೂತ್ರ ಹೆಚ್ಚಿಸುವ ಥಯಾಜೈಡ್ ಮಾತ್ರೆ ನುಂಗುತ್ತಾ ಊಟ ಬಿಟ್ಟವರ ರಕ್ತದಲ್ಲಿ ಸೋಡಿಯಂ ಮೊದಲೇ ಕುಸಿದಿರುವ ಸಾಧ್ಯತೆ ಹೆಚ್ಚು. ಅವರಿಗೆ ಬರಿಯ ಸಕ್ಕರೆ ನೀರು ಏರಿಸಿದರೆ ಅದು ಇನ್ನೂ ಕುಸಿದು ಮಂಕು ಹೆಚ್ಚಾಗಿ ಫಿಟ್ಸ್ ಬರುವವರೆಗೂ ಹೋಗಬಹುದು. ನಿಮ್ಮ ತಾಯಿಯವರಿಗೆ ಒಳ್ಳೆಯದಾದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಅವರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ತೆಂಗಿನ ತೋಟ, ತಿಪಟೂರು (ರಾತ್ರಿ 9.32)

ನಮ್ಮ ತಾಯಿಯವರಿಗೆ ಯಾವ ಮಾತ್ರೆಯೂ ಇರಲಿಲ್ಲ ಸರ್. ಎಳನೀರಿನಿಂದ ತೊಂದರೆಯಾಗಬಹುದೆಂದು ಇಷ್ಟು ವರ್ಷ ತೋಟ ಮಾಡಿದರೂ ನನಗೆ ತಿಳಿದಿರಲಿಲ್ಲ. ಹಾಗಾದರೆ ಎಚ್ಚರವಾಗಿರುವ, ನುಂಗಲು ಶಕ್ತಿಯಿರುವ ಹಿರಿಯರಿಗೆ ಮನೆಯಲ್ಲಿ ಏನು ಕೊಡಬೇಕು? ಚರ್ಮವನ್ನು ಚಿವುಟಿ ನೋಡಿದರೆ ನೀರು ಆರಿರುವುದು ಗೊತ್ತಾಗುತ್ತದೆಂದು ಹೇಳುತ್ತಾರಲ್ಲ, ಅದು ನಿಜವೇ?

ನಿವೃತ್ತ ಶುಶ್ರೂಷಕಿ, ಕೋಲಾರ (ರಾತ್ರಿ 9.50)

ಚಿವುಟಿ ನೋಡುವುದು ಮಕ್ಕಳಿಗೆ. ಹಿರಿಯರ ಚರ್ಮ ನೀರು ಸಾಕಷ್ಟಿದ್ದರೂ ಸಡಿಲವಾಗಿ ಮಡಚಿಕೊಂಡೇ ನಿಲ್ಲುತ್ತದೆ. ನಾನು ನಾಲಿಗೆ ನೋಡುತ್ತೇನೆ, ಕಂಕುಳು ಒಣಗಿದೆಯೇ ಎಂದು ಮುಟ್ಟಿ ನೋಡುತ್ತೇನೆ, ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತೆಂದು ಕೇಳುತ್ತೇನೆ. ಮಲಗಿದವರನ್ನು ಎಬ್ಬಿಸಿ ಕೂರಿಸಿದಾಗ ಕಣ್ಣು ಕತ್ತಲೆ ಬಂದರೆ ಅದೂ ಒಂದು ಗುರುತು. ಬಾಯಾರಿಕೆಯನ್ನು ಮಾತ್ರ ಎಂದಿಗೂ ನಂಬಬಾರದು. ವಯಸ್ಸಾದಂತೆ ದಾಹವೇ ಮಂದವಾಗುತ್ತದೆ. ಅದರ ಜೊತೆಗೆ, ಬಚ್ಚಲಿಗೆ ಎಬ್ಬಿಸಿಕೊಂಡು ಹೋಗಬೇಕಲ್ಲ, ಸೊಸೆಗೆ ತೊಂದರೆ ಏಕೆ ಎಂದು ಬೇಕಂತಲೇ ನೀರು ಬಿಡುವ ಅಜ್ಜಿಯಂದಿರನ್ನು ಎಷ್ಟೋ ಕಂಡಿದ್ದೇನೆ. ಅವರ ಹಾಸಿಗೆಯ ಪಕ್ಕದಲ್ಲಿ ಒಂದು ಪಾತ್ರೆ ಇಟ್ಟು, ಮುಜುಗರ ಬೇಡ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಅವರು ಕುಡಿಯುತ್ತಾರೆ.

ಕೊಡುವುದಾದರೆ ಓಆರ್‌ಎಸ್ ಒಳ್ಳೆಯದು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯವಾಗುತ್ತದೆ. ಇಪ್ಪತ್ತನಾಲ್ಕು ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು. ನೇರವಾಗಿ ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಎರಡು ಮೂರು ಚಮಚ ಕೊಟ್ಟರೆ ಒಂದು ದಿನದಲ್ಲಿ ಆಶ್ಚರ್ಯವಾಗುವಷ್ಟು ಒಳಗೆ ಹೋಗುತ್ತದೆ. ಉಪ್ಪು ಹಾಕಿದ ತೆಳು ಮಜ್ಜಿಗೆ, ಬೇಳೆಕಟ್ಟು, ರಾಗಿ ಅಂಬಲಿಯನ್ನೂ ಕೊಡಬಹುದು. ಹೃದಯ ದುರ್ಬಲವಾಗಿ ಕಾಲು ಊದುವವರಿಗೆ ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳದೆ ಕೊಡಬಾರದು.

ಮಧುಗಿರಿ ಸೊಸೆ (ಸೋಮವಾರ, ಬೆಳಿಗ್ಗೆ 11.20)

ರಾತ್ರಿ ಎಂಟೂವರೆಗೆ ತಾಲ್ಲೂಕು ಆಸ್ಪತ್ರೆ ತಲುಪಿದೆವು. ಬಿ.ಪಿ. 94/58 ಇತ್ತು, ಸಾಮಾನ್ಯವಾಗಿ ಅವರಿಗೆ 140ರ ಹತ್ತಿರ ಇರುತ್ತದೆ. ಆಮ್ಲಜನಕ ಹಚ್ಚಿ, ಒಂದು ಬಾಟಲಿ ಸಲೈನ್ ಹಾಕಿ, ಗಂಟಲಿನ ದ್ರವ ತೆಗೆದುಕೊಂಡು, ಆಂಬುಲೆನ್ಸಿನಲ್ಲೇ ತುಮಕೂರಿಗೆ ಕಳುಹಿಸಿದರು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬಿಳಿಯಾಗಿದೆ, ನ್ಯುಮೋನಿಯಾ ಎಂದರು. ಸೋಡಿಯಂ 126. ಕ್ರಿಯಾಟಿನಿನ್ 1.6, ಮೂರು ತಿಂಗಳ ಹಿಂದಿನ ಚೀಟಿಯಲ್ಲಿ 0.9 ಇತ್ತು. ಆಂಟಿಬಯಾಟಿಕ್ ಇಂಜೆಕ್ಷನ್ ಮತ್ತು ಫ್ಲೂ ವೈರಸ್ಸಿಗೆ ಕೊಡುವ ಒಸೆಲ್ಟಾಮಿವಿರ್ ಕ್ಯಾಪ್ಸೂಲ್ ಶುರು ಮಾಡಿದ್ದಾರೆ. ಬಿ.ಪಿ. ಮಾತ್ರೆ, ಮೆಟ್‌ಫಾರ್ಮಿನ್ ಎರಡನ್ನೂ ನಿಲ್ಲಿಸಿದ್ದಾರೆ. ಈ ಬೆಳಿಗ್ಗೆ ನನ್ನ ಹೆಸರು ಹಿಡಿದು ಕರೆದರು.

ಎರಡು ಪ್ರಶ್ನೆಗಳು ನನ್ನನ್ನು ಕಾಡುತ್ತಿವೆ. ಒಸೆಲ್ಟಾಮಿವಿರ್ ಅನ್ನು ಎರಡು ದಿನದೊಳಗೆ ಕೊಟ್ಟರೆ ಮಾತ್ರ ಪ್ರಯೋಜನವೆಂದು ಪಕ್ಕದ ಹಾಸಿಗೆಯವರು ಹೇಳಿದರು. ನಾವು ಬಂದದ್ದು ನಾಲ್ಕನೆಯ ದಿನ. ಎರಡನೆಯದು, ಶನಿವಾರ ಮಲಗಿದ್ದಲ್ಲಿಯೇ ನಾನು ಅವರಿಗೆ ಗಂಜಿ ಕುಡಿಸಿದ್ದೆ, ಆಗ ಬಹಳ ಕೆಮ್ಮಿದ್ದರು. ಈ ನ್ಯುಮೋನಿಯಾ ನನ್ನಿಂದಲೇ ಬಂದಿತೇ?

ವೈದ್ಯ, ತುಮಕೂರು (ಮಧ್ಯಾಹ್ನ 2.05)

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಬಲಭಾಗದ ಕೆಳಗೆ ಗಂಜಿ ಇಳಿದರೂ ಹಾಗೆಯೇ ಕಾಣುತ್ತದೆ, ಬ್ಯಾಕ್ಟೀರಿಯಾ ನೆಲೆಯೂರಿದರೂ ಹಾಗೆಯೇ ಕಾಣುತ್ತದೆ. ಎಕ್ಸ್‌ರೇ ಅದನ್ನು ಬೇರ್ಪಡಿಸಿ ಹೇಳುವುದಿಲ್ಲ, ನಾನೂ ಹೇಳಲಾರೆ. ಆದರೆ ಅವರು ಗುರುವಾರದಿಂದ ಕೆಮ್ಮುತ್ತಿದ್ದರು, ಶುಕ್ರವಾರವೇ ಊಟ ಬಿಟ್ಟಿದ್ದರು. ಕಾಯಿಲೆ ನಿಮ್ಮ ಗಂಜಿಗಿಂತ ಮೊದಲೇ ಬಂದಿತ್ತು. ಹಸಿದವರಿಗೆ ಉಣ್ಣಿಸಿದ ಕೈಯನ್ನು ನೀವು ಶಪಿಸಿಕೊಳ್ಳಬೇಡಿ. ಇನ್ನು ಮುಂದೆ ಕೂರಿಸಿ, ಪೂರ್ತಿ ಎಚ್ಚರವಿದ್ದಾಗ ಮಾತ್ರ ಕೊಡಿ.

ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಕೊಟ್ಟಾಗ ಹೆಚ್ಚು ಫಲ ಕೊಡುತ್ತದೆ ಎಂಬುದು ನಿಜ. ಏಕೆಂದರೆ ವೈರಸ್ ಬಹುಪಾಲು ಆ ಅವಧಿಯಲ್ಲೇ ದ್ವಿಗುಣಗೊಳ್ಳುತ್ತಾ ಹೋಗುತ್ತದೆ, ಔಷಧವು ಹೊಸ ವೈರಸ್ ಕಣಗಳು ಜೀವಕೋಶದಿಂದ ಕಳಚಿಕೊಂಡು ಹರಡುವುದನ್ನು ಮಾತ್ರ ತಡೆಯಬಲ್ಲದು. ಆಸ್ಪತ್ರೆ ಸೇರುವಷ್ಟು ತೀವ್ರವಾದವರಿಗೆ ನಾಲ್ಕನೆಯ, ಐದನೆಯ ದಿನವೂ ಕೊಡುತ್ತೇವೆ, ಅವರಲ್ಲಿ ವೈರಸ್ ಹೆಚ್ಚು ದಿನ ಉಳಿಯುತ್ತದೆ. ಮನೆಯಲ್ಲೇ ಇರುವ, ಸಣ್ಣ ಲಕ್ಷಣದ ರೋಗಿಗಳಲ್ಲಿ ಈ ಔಷಧವು ಆಸ್ಪತ್ರೆ ಸೇರುವುದನ್ನು ನಿಜವಾಗಿ ಎಷ್ಟು ತಪ್ಪಿಸುತ್ತದೆ ಎಂಬುದರ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ನಾನು ಅರವತ್ತೈದು ದಾಟಿದವರಿಗೆ ಕೊಡುವ ಪಕ್ಷದವನು. 2009ರ ಎಚ್1ಎನ್1 ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಎ, ಬಿ, ಸಿ ವಿಂಗಡಣೆಯಲ್ಲಿಯೂ ಆ ವಯಸ್ಸಿನವರನ್ನು ಸಣ್ಣ ಲಕ್ಷಣವಿದ್ದರೂ ಬಿ ವರ್ಗಕ್ಕೆ ಸೇರಿಸಿ, ಈ ಔಷಧ ಕೊಡಬೇಕೆಂದಿದೆ. ಉಸಿರಾಟದ ತೊಂದರೆ, ಮಂಕು, ಬಿ.ಪಿ. ಕುಸಿತ ಇದ್ದವರು ಸಿ ವರ್ಗ, ಅವರನ್ನು ಕೂಡಲೇ ದಾಖಲಿಸಿಕೊಂಡು, ಗಂಟಲಿನ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಔಷಧ ಆರಂಭಿಸಬೇಕು. ನಿಮ್ಮ ಅತ್ತೆಯವರು ನಿನ್ನೆ ಸಂಜೆ ಆ ವರ್ಗದಲ್ಲಿದ್ದರು.

ಒಂದು ವಿಷಯ ಅಲ್ಲಿನ ವೈದ್ಯರನ್ನು ಕೇಳಿಕೊಳ್ಳಿ. ಸಾಮಾನ್ಯ ಪ್ರಮಾಣ 75 ಮಿಲಿಗ್ರಾಂ ದಿನಕ್ಕೆರಡು ಸಲ, ಐದು ದಿನ. ಅವರ ವಯಸ್ಸು, ತೂಕ ಮತ್ತು 1.6 ಕ್ರಿಯಾಟಿನಿನ್ ಸೇರಿಸಿ ಲೆಕ್ಕ ಹಾಕಿದರೆ ಮೂತ್ರಪಿಂಡದ ಶಕ್ತಿ ಬಹಳ ಇಳಿದಿರುತ್ತದೆ, ಪ್ರಮಾಣವನ್ನು ಕಡಿಮೆ ಮಾಡಬೇಕಾಗುತ್ತದೆ. ಅವರ ತೂಕವೆಷ್ಟು?

ಮಧುಗಿರಿ ಸೊಸೆ (ಸಂಜೆ 5.30)

ತೂಕ 48 ಕಿಲೋ. ಕೇಳಿದೆವು ಸರ್. ಅವರು ಮೊದಲೇ ಲೆಕ್ಕ ಹಾಕಿ 30 ಮಿಲಿಗ್ರಾಮಿನದ್ದನ್ನು ದಿನಕ್ಕೆ ಒಂದೇ ಸಲ ಕೊಡುತ್ತಿದ್ದಾರೆ. ಮೂತ್ರಪಿಂಡ ಚೇತರಿಸಿಕೊಂಡಂತೆ ಹೆಚ್ಚಿಸುತ್ತೇವೆಂದರು. ಸೋಡಿಯಂ ಅನ್ನು ಒಂದೇ ದಿನದಲ್ಲಿ ಏರಿಸಿದರೆ ಮಿದುಳಿಗೆ ಹಾನಿಯಾಗುತ್ತದೆಂದು ಸಲೈನ್ ಅನ್ನು ನಿಧಾನವಾಗಿ ಬಿಡುತ್ತಿದ್ದಾರೆ.

ಚಿಂತಾಮಣಿ ವಾಸಿ (ರಾತ್ರಿ 8.15)

ನಿನ್ನೆ ಅವಸರದಲ್ಲಿ ಬರೆದದ್ದಕ್ಕೆ ಕ್ಷಮೆಯಿರಲಿ, ಆ ತಾಯಿ ಚೇತರಿಸಿಕೊಂಡದ್ದು ಸಮಾಧಾನ ತಂದಿತು. ಆದರೂ ನನ್ನ ಸಂದೇಹ ಉಳಿದಿದೆ. ಲಸಿಕೆ ಹಾಕಿಸಿಯೂ ಫ್ಲೂ ಬರುವುದಾದರೆ ಪ್ರತಿವರ್ಷ ಏಕೆ ಹಾಕಿಸಬೇಕು?

ವೈದ್ಯ, ತುಮಕೂರು (ರಾತ್ರಿ 9.00)

ವೈರಸ್ ಪ್ರತಿವರ್ಷ ತನ್ನ ಹೊರಕವಚ ಬದಲಿಸಿಕೊಳ್ಳುವುದರಿಂದ ಲಸಿಕೆಯನ್ನೂ ಬದಲಿಸುತ್ತಾರೆ. ಹಿರಿಯರಲ್ಲಿ ಅದರ ರಕ್ಷಣೆ ಯುವಕರಲ್ಲಿ ಇರುವಷ್ಟು ಇರುವುದಿಲ್ಲ, ಇದನ್ನು ಮುಚ್ಚಿಡುವುದು ಸರಿಯಲ್ಲ. ಸೋಂಕು ಬಂದರೂ ಅದು ಆಸ್ಪತ್ರೆಯವರೆಗೆ ಹೋಗುವ ಸಾಧ್ಯತೆಯನ್ನು ತಗ್ಗಿಸುತ್ತದೆ ಎಂಬುದೇ ಅದರ ಕೆಲಸ. ಲಸಿಕೆ ಹಾಕಿಸಿದ ಒಂದೆರಡು ದಿನ ಮೈ ಬೆಚ್ಚಗಾಗುವುದು ಫ್ಲೂ ಅಲ್ಲ. ನಿಮ್ಮ ದೊಡ್ಡಮ್ಮನವರಿಗೆ ಜ್ವರ ಬಂದದ್ದು ಎಷ್ಟು ದಿನದ ಮೇಲೆ ಎಂದು ವಿಚಾರಿಸಿ ಬರೆಯಿರಿ.

ಗೌರಿಬಿದನೂರು ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 7.40)

ನನಗೊಂದು ಅಸಮಾಧಾನವಿದೆ. ಊಟ ಬಿಟ್ಟಾಗ ಬಿ.ಪಿ. ಮಾತ್ರೆ ನಿಲ್ಲಿಸಬೇಕೆಂದು ಚೀಟಿ ಬರೆಯುವಾಗ ಯಾರೂ ನಮಗೆ ಹೇಳುವುದಿಲ್ಲ. ತಪ್ಪದೆ ತೆಗೆದುಕೊಳ್ಳಿ ಎಂದಷ್ಟೇ ಹೇಳುತ್ತಾರೆ. ಈ ಸೊಸೆ ಮಾಡಿದ್ದೂ ಅದನ್ನೇ.

ವೈದ್ಯ, ತುಮಕೂರು (ಬೆಳಿಗ್ಗೆ 8.30)

ಒಪ್ಪುತ್ತೇನೆ ಮೇಷ್ಟ್ರೇ, ಇದು ನಮ್ಮ ಕಡೆಯ ಲೋಪ. ಮೂತ್ರ ಹೆಚ್ಚಿಸುವ ಮಾತ್ರೆ, ಟೆಲ್ಮಿಸಾರ್ಟನ್ ಬಗೆಯ ಮಾತ್ರೆ, ಮೆಟ್‌ಫಾರ್ಮಿನ್, ಇವುಗಳನ್ನು ಊಟ ನೀರು ಬಿಟ್ಟ ದಿನಗಳಲ್ಲಿ ಏನು ಮಾಡಬೇಕೆಂದು ಮುಂಚೆಯೇ ನಿಮ್ಮ ವೈದ್ಯರಿಂದ ಬರೆಸಿಟ್ಟುಕೊಳ್ಳಿ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ಕೊಡುವುದು ಈ ಮಾತ್ರೆಗಳ ಜೊತೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ, ಪ್ಯಾರಸಿಟಮಾಲ್ ಸಾಕು. ಆದರೆ ಇದನ್ನು ಓದಿ ಯಾರೂ ಎಲ್ಲ ಮಾತ್ರೆಗಳನ್ನೂ ನಿಲ್ಲಿಸಬೇಡಿ. ಇನ್ಸುಲಿನ್, ಹೃದಯದ ಬಡಿತಕ್ಕೆ ಕೊಟ್ಟ ಮಾತ್ರೆ, ಬಹುಕಾಲದಿಂದ ತೆಗೆದುಕೊಳ್ಳುವ ಸ್ಟೀರಾಯ್ಡ್, ಇವನ್ನು ತಾವಾಗಿ ನಿಲ್ಲಿಸಿದರೆ ಇನ್ನೊಂದು ಅಪಾಯ. ಫ್ಲೂ ತಗುಲಿದ ಮೊದಲ ವಾರದಲ್ಲಿ ಹೃದಯಾಘಾತದ ಸಾಧ್ಯತೆ ಹಲವು ಪಟ್ಟು ಏರುತ್ತದೆ, ಕೆನಡಾದ ಒಂಟಾರಿಯೋದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸುಮಾರು ಆರು ಪಟ್ಟು ಎಂದು ಕಂಡುಬಂದಿದೆ.

ಮಧುಗಿರಿ ಸೊಸೆ (ಬುಧವಾರ, ಮಧ್ಯಾಹ್ನ 12.10)

ಅತ್ತೆಯವರ ಉಸಿರು 20ಕ್ಕೆ ಇಳಿದಿದೆ. ಆಮ್ಲಜನಕದ ನಳಿಕೆ ತೆಗೆದರೂ 95 ನಿಲ್ಲುತ್ತಿದೆ. ಕ್ರಿಯಾಟಿನಿನ್ 1.1. ಗಂಟಲಿನ ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ ಎಂದು ಬಂದಿದೆ. ಥಯಾಜೈಡ್ ಅನ್ನು ಮತ್ತೆ ಕೊಡುವುದೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ.

ನಿನ್ನೆ ರಾತ್ರಿಯಿಂದ ನಮ್ಮ ಮಾವನವರಿಗೆ ಕೆಮ್ಮು ಶುರುವಾಗಿದೆ. ವಯಸ್ಸು ಎಂಬತ್ತೊಂದು, ಮೈ ಬಿಸಿ 98.4. ಉಸಿರು ಎಣಿಸಿದೆವು, 19. ಜ್ವರವಿಲ್ಲವೆಂದು ಈ ಸಲ ಯಾರೂ ಹೇಳಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ನಮ್ಮ ಯಜಮಾನರು ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು, ಅತ್ತೆಯವರ ವರದಿ ತೋರಿಸಿ, ಕ್ರಿಯಾಟಿನಿನ್ ಪರೀಕ್ಷೆಗೆ ರಕ್ತ ಕೊಡಿಸಿ, ಕ್ಯಾಪ್ಸೂಲ್ ಶುರು ಮಾಡಿಸಿಕೊಂಡು ಬಂದಿದ್ದಾರೆ. ಹಾಸಿಗೆಯ ಪಕ್ಕದಲ್ಲಿ ಪಾತ್ರೆ ಇಟ್ಟಿದ್ದೇವೆ. ಮುಂದಿನ ಎಣಿಕೆ ಸಂಜೆ ಆರಕ್ಕೆ.